ಮೂರನೆಯ ಕಂಪನಿಯ ಪಾಲು

ಮೊಣಕೈವರೆಗೆ ಕೈ ಇಳಿಸಿದಾಗ ಮೂಟೆಯೊಳಗೆ ಬಿಸಿಯಿತ್ತು. ಜ್ವರ ಬಂದ ದನದ ಬಾಯಿಗೆ ಕೈ ಹಾಕಿದಂತೆ ಅನಿಸಿತು. ಕವನಾ ಒಂದು ಹಿಡಿ ಹಿಡಿದು ಹೊರಗೆಳೆದಳು. ಬೀಜಗಳು ಬೀಜಗಳಾಗಿ ಉಳಿದಿರಲಿಲ್ಲ; ಒಂದಕ್ಕೊಂದು ಅಂಟಿಕೊಂಡು, ಕಪ್ಪಾಗಿ, ಬೆರಳ ಸಂದಿಯಿಂದ ಲೋಳೆ ಇಳಿಸುತ್ತ ಬಂದವು. ಅದರ ಜೊತೆಗೆ ಬಿಳಿ ಹುಳುವೊಂದು ಬಂದು ಅವಳ ಉಗುರಿನ ಮೇಲೆ ತಲೆಯೆತ್ತಿ ನೋಡಿತು.

"ಇನ್ನೂ ಕೆಳಗೆ ಹಾಕಿ ಮೇಡಂ, ಅಡಿಯಲ್ಲಿ ಇನ್ನೂ ಚೆನ್ನಾಗಿದೆ," ಎಂದ ಗೋಡೌನಿನ ಲಿಂಗ, ನಗದೆ. ಹನ್ನೆರಡು ದಿನದಿಂದ ಅವನು ಇದೇ ವಾಸನೆಯಲ್ಲಿ ಉಂಡು ಮಲಗಿದ್ದ. ಮೂಗು ಮುಚ್ಚುವ ಅಭ್ಯಾಸವನ್ನೇ ಬಿಟ್ಟಿದ್ದ.

ನಷ್ಟದ ಅಂದಾಜು ಬರೆಯುವ ಸರ್ವೆಯರ್ ಕುಟ್ಟಪ್ಪ ಬಾಗಿಲ ಹತ್ತಿರ ಕರ್ಚೀಫು ಕಟ್ಟಿಕೊಂಡು ನಿಂತು ಫೋಟೋ ಹೊಡೆದರು. ಫೋಟೋದಲ್ಲಿ ವಿಮಾ ಕಂಪನಿಯ ಪ್ರತಿನಿಧಿ ಮಾಲು ಪರೀಕ್ಷಿಸುತ್ತಿರುವುದು ಕಾಣಬೇಕು. ವಿಮಾ ಕಂಪನಿಯ ಪ್ರತಿನಿಧಿ ಎಂದರೆ ಕವನಾ. ಕುಶಾಲನಗರದ ಶಾಖೆಯಲ್ಲಿ ಆರು ವರ್ಷದಿಂದ ಅಧಿಕಾರಿ. ಈ ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಪಾಲಿಸಿಯನ್ನು ಬರೆದವಳೂ ಅವಳೇ.

ಆಗಸ್ಟ್ ಮೊದಲ ವಾರ ಹೊಳೆ ರಸ್ತೆ ದಾಟಿ ಒಳಗೆ ಬಂದಿತ್ತು. ಯಂತ್ರಗಳು ಎತ್ತರದಲ್ಲಿದ್ದುದರಿಂದ ಉಳಿದವು. ಕೆಳಗಿನ ಗೋಡೌನಿನಲ್ಲಿದ್ದುದೆಲ್ಲ ಬೆಳೆಗಾರರ ಮಾಲು. ತೋಟದಿಂದ ತಂದು ಇಲ್ಲಿ ಇಳಿಸಿ, ಸಿಪ್ಪೆ ತೆಗೆಸಿ, ಗ್ರೇಡು ಮಾಡಿಸಿ, ದರ ಏರುವವರೆಗೆ ಕಾಯುವವರ ಕಾಫಿ. ಅದು ಎರಡು ಹಗಲು ಒಂದು ರಾತ್ರಿ ಕೆಸರು ನೀರಿನಲ್ಲಿ ನಿಂತಿತು.

ಮೂಟೆಗಳ ಸಾಲಿನ ಕೊನೆಯಲ್ಲಿ ಒಬ್ಬ ಮುದುಕ ಬಗ್ಗಿ ಬಗ್ಗಿ ಗುರುತು ಹುಡುಕುತ್ತಿದ್ದ. ಭಾಗಮಂಡಲದ ಆಚೆಯ ಪದ್ಮಯ್ಯ, 'ಇದೆ' ಎನ್ನಲು 'ಉಟ್ಟು' ಎನ್ನುವ ಅರೆಭಾಷೆಯವನು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಬಂದಿದ್ದ. ಕವನಾಳ ಅಮ್ಮನ ಕಡೆಯಿಂದ ಏನೋ ಸಂಬಂಧ. ಮದುವೆ ಮನೆಗಳಲ್ಲಿ ನೋಡಿದ ನೆನಪು.

"ಮಾವ, ಸಿಕ್ಕಿತಾ?"

"ಸಿಕ್ಕಿಲ್ಲೆ. ಅರವತ್ನಾಲ್ಕು ಮೂಟೆ ಉಟ್ಟು ಅಂತ ರಸೀದಿ ಹೇಳ್ತದೆ. ಗೋಣಿ ಮೇಲಿನ ಬಣ್ಣ ತೊಳೆದು ಹೋಗ್ಯುಟ್ಟು. ಈಗ ಯಾವ್ದಾದರೇನು ಕವನಾ, ಎಲ್ಲ ಒಂದೇ ನಾತ." ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. "ವಿಮೆ ಉಟ್ಟಲ್ಲ. ಎಷ್ಟು ಬರ್ತದೆ?"

"ಎಲ್ಲ ಬರಬೇಕು ಮಾವ. ನಿಮ್ಮ ಮಾಲಿಗೂ ಸೇರಿಸಿಯೇ ಪಾಲಿಸಿ ಇರೋದು. ಮೂರು ಕಂಪನಿ ಸೇರಿ ಹೊತ್ತಿದ್ದೇವೆ. ಅರ್ಧ ನಮ್ಮದು, ಮೂವತ್ತು ಪರ್ಸೆಂಟು ಇನ್ನೊಬ್ಬರದು, ಇಪ್ಪತ್ತು ಮತ್ತೊಬ್ಬರದು. ದೊಡ್ಡ ಕಾರ್ಖಾನೆ, ಒಬ್ಬರ ಮೇಲೇ ಬೀಳೋದು ಬೇಡ ಅಂತ."

"ನೀವೇ ಯಜಮಾನರು."

"ಲೀಡರ್ ಅಂತಾರೆ. ಪಾಲಿಸಿ ಬರೆಯೋದು, ಪ್ರೀಮಿಯಂ ಇಸ್ಕೊಂಡು ಅವರವರ ಪಾಲು ಕಳಿಸೋದು, ಸರ್ವೆಯರನ್ನು ಹಾಕೋದು, ಎಲ್ಲ ನಾವೇ. ಕಾರ್ಖಾನೆಯವರು ನಮ್ಮ ಜೊತೆ ಮಾತಾಡಿದರೆ ಸಾಕು."

"ಅವ್ರಲ್ಲಿ ಒಬ್ಬ ಕೈ ಎತ್ತಿದ್ರೆ ಯಜಮಾನ ಕೊಡ್ತಾನಾ?"

ಕವನಾ ಕೈಯಲ್ಲಿದ್ದ ಲೋಳೆಯನ್ನು ಗೋಣಿಯ ಅಂಚಿಗೆ ಒರೆಸಿದಳು, ಅದು ಹೋಗಲಿಲ್ಲ. "ಇಲ್ಲ ಮಾವ. ಅವರವರ ಪಾಲಿಗೆ ಅವರವರೇ."

"ಹಾಂಗಾದ್ರೆ ಎಂಥ ಯಜಮಾನ," ಎಂದು ಪದ್ಮಯ್ಯ ಮತ್ತೆ ಮೂಟೆಗಳ ನಡುವೆ ಬಗ್ಗಿದ.

ಕೈ ಎತ್ತಿದವನು ಆಗಲೇ ಇದ್ದ. ಅದು ಅವಳಿಗೆ ನಾಲ್ಕು ದಿನದಿಂದ ಗೊತ್ತಿತ್ತು.

ಪ್ರತಿ ವರ್ಷ ಮಾರ್ಚ್‌ನಲ್ಲಿ ಪಾಲಿಸಿ ನವೀಕರಿಸುವ ಮೊದಲು ಉಳಿದ ಎರಡು ಕಂಪನಿಗೂ ಮೇಲ್ ಹೋಗುತ್ತಿತ್ತು: ನಿಮ್ಮ ಪಾಲು ಇಷ್ಟು, ಒಪ್ಪಿಗೆ ತಿಳಿಸಿ. ಯಾರೂ ಸಮಯಕ್ಕೆ ತಿಳಿಸುತ್ತಿರಲಿಲ್ಲ. ವರ್ಷಾಂತ್ಯದ ಗಲಾಟೆಯಲ್ಲಿ ಯಾರಿಗೆ ಪುರಸೊತ್ತು? ಹಾಗಾಗಿ ಕುಶಾಲನಗರ ಶಾಖೆಯಲ್ಲಿ ಒಂದು ರೂಢಿ ಬೆಳೆದಿತ್ತು. ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ತಿಳಿದು, ಹೋದ ವರ್ಷದ ಪಾಲುಗಳನ್ನೇ ಹಾಕಿ ಪಾಲಿಸಿ ಹೊರಡಿಸುವುದು. ಒಪ್ಪಿಗೆ ಮೇ ತಿಂಗಳಲ್ಲಿ ಬಂದು ಫೈಲಿಗೆ ಸೇರುತ್ತಿತ್ತು. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಈ ಸಲವೂ ಮಾರ್ಚ್ ಮೂವತ್ತರಂದು ಅವಳು ಮ್ಯಾನೇಜರ್ ಶಶಿಕುಮಾರ್ ಅವರನ್ನು ಕೇಳಿದಳು. ಅವರು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಲೇ ಕೈಯಾಡಿಸಿದರು: "ಹೋದ ವರ್ಷದಂಗೇ ಹಾಕಮ್ಮ."

ಹಾಕಿದಳು. ಅವಳ ಲಾಗಿನ್, ಅವರ ಅನುಮೋದನೆ.

ಅದರ ಹಿಂದಿನ ದಿನವೇ ಮೂರನೆಯ ಕಂಪನಿಯ ಮೈಸೂರು ಕಚೇರಿಯಿಂದ ಒಂದು ಮೇಲ್ ಬಂದಿತ್ತು. ಹೊಳೆ ಹತ್ತಿರದ ಕಾರ್ಖಾನೆ, ನೆರೆಯ ಇತಿಹಾಸ ಇದೆ, ಈ ವರ್ಷ ನಮ್ಮ ಇಪ್ಪತ್ತು ಪರ್ಸೆಂಟು ನವೀಕರಿಸುವುದಿಲ್ಲ. ಅದು ಶಾಖೆಯ ಮೇಲ್‌ಗೆ ಬಂದಿರಲಿಲ್ಲ, ಶಶಿಕುಮಾರ್ ಹೆಸರಿನ ಮೇಲ್‌ಗೆ ಬಂದಿತ್ತು. ಅವರು ತೆರೆದೂ ಇದ್ದರು. ಓದಿರಲಿಲ್ಲ ಎನ್ನುತ್ತಾರೆ.

ಇಷ್ಟೇ ಆಗಿದ್ದರೆ ತಪ್ಪು ಒಬ್ಬರದು. ಆದರೆ ಮೇ ತಿಂಗಳಲ್ಲಿ ಮೂರನೆಯ ಕಂಪನಿಯ ಪಾಲಿನ ಪ್ರೀಮಿಯಂ, ಪಾಲಿಸಿಗಳ ಪಟ್ಟಿಯ ಸಮೇತ, ಅವರ ಖಾತೆಗೆ ಹೋಗಿತ್ತು. ಬೇಡ ಎಂದವರು ಅದನ್ನು ಬೇಡ ಎನ್ನಲಿಲ್ಲ. ಜೂನ್ ಕಳೆಯಿತು, ಜುಲೈ ಕಳೆಯಿತು. ಆಗಸ್ಟ್‌ನಲ್ಲಿ ನೆರೆಯ ಸುದ್ದಿ ತಿಳಿಸಿ ಐದನೆಯ ದಿನಕ್ಕೆ ಹಣ ವಾಪಸ್ ಬಂತು. ಜೊತೆಗೆ ಎರಡು ಸಾಲಿನ ಪತ್ರ: ಈ ಪಾಲಿಸಿಯಲ್ಲಿ ನಮ್ಮ ಪಾಲು ಇರಲಿಲ್ಲ, ಮಾರ್ಚ್‌ನ ನಮ್ಮ ಮೇಲ್ ನೋಡಿ.

*

ಊಟಕ್ಕೆ ಮೈಸೂರು ರಸ್ತೆಯ ಹೋಟೆಲಿನಲ್ಲಿ ಎ.ಸಿ. ಕೋಣೆ ಹಿಡಿದಿದ್ದರು. ಶಶಿಕುಮಾರ್, ಮೂರನೆಯ ಕಂಪನಿಯಿಂದ ಬಂದಿದ್ದ ಪ್ರವೀಣ್, ಕುಟ್ಟಪ್ಪ, ಕವನಾ. ಎರಡನೆಯ ಕಂಪನಿಯವರು ಬಂದಿರಲಿಲ್ಲ. ಅವರದು ತಕರಾರೇ ಇಲ್ಲ. ಲೀಡರ್ ಎಷ್ಟು ಹೇಳುತ್ತಾರೋ ಅದರ ಮೂವತ್ತು ಪರ್ಸೆಂಟು ಕೊಡುತ್ತೇವೆ ಎಂದು ಬರೆದಿದ್ದರು.

ಕವನಾ ಎರಡು ಸಲ ಸೋಪು ಹಚ್ಚಿ ಕೈ ತೊಳೆದಿದ್ದಳು. ಉಗುರಿನ ಒಳಗೆ ವಾಸನೆ ಹಾಗೇ ಇತ್ತು. ಅನ್ನ ಕಲೆಸಲು ಕೈ ಹಾಕಿ ಹಿಂದಕ್ಕೆ ತೆಗೆದಳು.

"ಮೇಡಂ ಏನೂ ತಿಂತಿಲ್ಲ," ಎಂದ ಪ್ರವೀಣ್. ಮೂವತ್ತೈದರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ. ಮೂಳೆಯ ಒಳಗಿನದನ್ನು ಹೀರಿ ಹೀರಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ.

"ಒಂದು ಕೇಳ್ಲಾ?" ಎಂದಳು ಕವನಾ. "ನೆರೆ ಬರದೇ ಇದ್ದಿದ್ರೆ ಆ ಪ್ರೀಮಿಯಂ ವಾಪಸ್ ಕಳಿಸ್ತಿದ್ರಾ?"

ಪ್ರವೀಣ್ ನಕ್ಕ. ಅಡಗಿಸುವ ನಗೆಯಲ್ಲ, ಒಪ್ಪಿಕೊಳ್ಳುವ ನಗೆ. "ಯಾರ್ ಮೇಡಂ ಕಳಿಸ್ತಾರೆ? ನಮ್ಮಲ್ಲಿ ಅದು ಹೊಂದಾಣಿಕೆಯಾಗದ ಖಾತೆಯಲ್ಲಿ ಕೂತಿತ್ತು. ಯಾರೂ ನೋಡಿಲ್ಲ. ನೋಡಿದ್ರೂ ಮಾರ್ಚ್‌ವರೆಗೆ ಕೂತಿರ್ತಿತ್ತು, ಆಮೇಲೆ ನಮ್ಮದಾಗ್ತಿತ್ತು."

"ಅಂದ್ರೆ ನೀರು ಬರದಿದ್ರೆ ಪಾಲು ಇದೆ, ಬಂದ್ರೆ ಇಲ್ಲ."

"ಹಂಗೆ ಹೇಳಿದ್ರೆ ಕೆಟ್ಟದಾಗಿ ಕೇಳುತ್ತೆ," ಎಂದು ಪ್ರವೀಣ್ ಇನ್ನೊಂದು ಮೂಳೆ ಎತ್ತಿಕೊಂಡ.

ಶಶಿಕುಮಾರ್ ಮಧ್ಯೆ ಬಂದರು. ಡಿಸೆಂಬರಿಗೆ ನಿವೃತ್ತಿ. ಆರು ವರ್ಷದಲ್ಲಿ ಅವಳ ಮೇಲೆ ಒಮ್ಮೆಯೂ ದನಿ ಎತ್ತಿದವರಲ್ಲ. ಅವಳ ತಂಗಿಯ ಮದುವೆಗೆ ಬಂದು ಕೊನೆಯವರೆಗೆ ಇದ್ದವರು. "ನೋಡಿ, ಇವರು ಕೇಸಿಗೆ ಹೋದ್ರೆ ಪ್ರೀಮಿಯಂ ಇಟ್ಕೊಂಡಿದ್ದು ಯಾಕೆ ಅಂತ ಕೋರ್ಟಲ್ಲಿ ಕೇಳ್ತಾರೆ. ನಾವು ಹೋದ್ರೆ ಒಪ್ಪಿಗೆ ಇಲ್ದೆ ಅವರ ಹೆಸರು ಯಾಕೆ ಹಾಕಿದ್ರಿ ಅಂತ ಕೇಳ್ತಾರೆ. ಆ ಇಪ್ಪತ್ತೂ ನೀವೇ ಕೊಡಿ ಅಂದ್ರೂ ಅಂದಾರು. ಎರಡು ಕಡೆನೂ ಕೆಸರೇ. ಅದಕ್ಕೇ ನಾನು ಹೇಳೋದು, ಪಾಲಿಸಿದಾರರೇ ಬಿಟ್ಟುಕೊಟ್ಟಂಗೆ ಮಾಡೋಣ."

ಅವರ ಯೋಜನೆ ಸರಳವಾಗಿತ್ತು. ಕ್ಯೂರಿಂಗ್ ವರ್ಕ್ಸ್‌ನ ವನಜಮ್ಮ ಒಂದು ಪತ್ರ ಕೊಡಬೇಕು. ಮೂರನೆಯ ಕಂಪನಿಯ ಇಪ್ಪತ್ತು ಪರ್ಸೆಂಟನ್ನು ಆರಂಭದಿಂದಲೇ ತೆಗೆದುಹಾಕಿ, ಆ ಪಾಲಿನ ನಷ್ಟವನ್ನು ವರ್ಕ್ಸ್‌ನವರಾದ ನಾವೇ ಭರಿಸುತ್ತೇವೆ, ಪ್ರೀಮಿಯಂ ಹಿಂದಿರುಗಿಸಿ ಎಂದು. ತಾರೀಖು ಏಪ್ರಿಲ್ ಒಂಬತ್ತು. ಪತ್ರ ಬಂದಿತ್ತು, ಆದರೆ ಪಾಲಿಸಿಗೆ ತಿದ್ದುಪಡಿ ಸೇರಿಸಲು ಕಚೇರಿ ಮರೆತಿತ್ತು, ಈಗ ಸೇರಿಸುತ್ತಿದ್ದೇವೆ. ಮರೆವಿಗೆ ಒಂದು ಮೆಮೊ, ಅಷ್ಟೇ.

"ಏಪ್ರಿಲ್‌ನಲ್ಲಿ ಬಂತು ಅನ್ನೋಕೆ ಇನ್‌ವರ್ಡ್‌ನಲ್ಲಿ ಇರಬೇಕಲ್ಲ ಸರ್," ಎಂದರು ಕುಟ್ಟಪ್ಪ, ತಲೆ ಎತ್ತದೆ.

"ಇರುತ್ತೆ," ಎಂದರು ಶಶಿಕುಮಾರ್.

ಅದು ಹೇಗೆಂದು ಕವನಾಳಿಗೆ ಗೊತ್ತಿತ್ತು. ಶಾಖೆಗೆ ಬಂದ ಕಾಗದಗಳನ್ನು ಬರೆಯುವ ಉದ್ದನೆಯ ರಿಜಿಸ್ಟರನ್ನು ಆರು ವರ್ಷದಿಂದ ಅವಳೇ ತುಂಬುತ್ತಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನ ಹಳೆಯ ಗುಮಾಸ್ತರು ಹೇಳಿಕೊಟ್ಟಿದ್ದರು: ದಿನದ ಕೊನೆಗೆ ಎರಡು ಸಾಲು ಖಾಲಿ ಬಿಡಮ್ಮ, ಮೇಲಿನವರ ಟೇಬಲ್ಲಿನಲ್ಲಿ ಉಳಿದ ಕಾಗದ ಮಾರನೇ ದಿನ ಬಂದರೆ ಸೇರಿಸೋಕೆ ಜಾಗ ಬೇಕು. ಅವಳು ಅದನ್ನು ಅಚ್ಚುಕಟ್ಟಿನ ಕೆಲಸ ಎಂದೇ ತಿಳಿದಿದ್ದಳು. ಪ್ರತಿ ಸಂಜೆ ಎರಡು ಸಾಲು ಬಿಟ್ಟು ಗೆರೆ ಎಳೆದಿದ್ದಳು. ಆರು ವರ್ಷ. ಎಷ್ಟು ಸಾಲು. ಒಂದೊಂದೂ ನೊಣ ಬಂದು ಮೊಟ್ಟೆಯಿಡಲೆಂದು ತೆರೆದಿಟ್ಟ ಹಸಿಗಾಯದಂತೆ ಈಗ ಕಂಡಿತು.

"ವನಜಮ್ಮ ಯಾಕೆ ಸೈನ್ ಹಾಕ್ತಾರೆ?" ಎಂದಳು. "ನಷ್ಟ ಎರಡು ಕೋಟಿ. ನಲವತ್ತು ಲಕ್ಷ ಬಿಟ್ಟುಕೊಡ್ತಾರಾ?"

ಶಶಿಕುಮಾರ್ ಕುಟ್ಟಪ್ಪನವರನ್ನು ನೋಡಿದರು. ಕುಟ್ಟಪ್ಪ ಬೀಡಾದ ಎಲೆಯ ತೊಟ್ಟು ಮುರಿದರು.

"ಕೊಳೆತ ಮಾಲಿಗೂ ಗಿರಾಕಿ ಇದೆ ಮೇಡಂ," ಎಂದರು ಕುಟ್ಟಪ್ಪ. "ಒಣಗಿಸಿ, ಕರಕಲಾಗೋವರೆಗೆ ಹುರಿದು, ಚಿಕೋರಿ ಬೆರೆಸಿಬಿಟ್ರೆ ರಸ್ತೆ ಬದಿ ಕಾಫಿಯಲ್ಲಿ ಯಾರಿಗೂ ಗೊತ್ತಾಗಲ್ಲ. ಹದಿನೆಂಟು ಲಕ್ಷಕ್ಕೆ ಕೇಳಿದ್ದಾರೆ. ನಷ್ಟದಲ್ಲಿ ಅಷ್ಟನ್ನು ಕಳೆದೇ ನಾನು ಎರಡು ಕೋಟಿ ಅಂದಿದ್ದು. ಆ ಹದಿನೆಂಟು ವರದಿಯಲ್ಲಿ ಆರು ಆದ್ರೂ ಆಗಬಹುದು, ಕಳೆಯೋದು ಕಡಿಮೆಯಾದಷ್ಟು ವಿಮೆ ಜಾಸ್ತಿ. ಅಂದಾಜು ತಾನೇ."

ಕವನಾ ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆದಳು. ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲ. ಅವರು ಮೂವರೂ ಕೆಟ್ಟವರಂತೆ ಕಾಣುತ್ತಿರಲಿಲ್ಲ. ಪ್ರವೀಣ್ ಮಗಳ ಫೋಟೋ ತೋರಿಸಿದ್ದ. ಕುಟ್ಟಪ್ಪ ಅವಳ ತಟ್ಟೆಗೆ ಮಜ್ಜಿಗೆ ಹಾಕಿಸಿದ್ದರು.

*

ಕ್ಯೂರಿಂಗ್ ವರ್ಕ್ಸ್‌ನ ಆಫೀಸು ಮಹಡಿಯ ಮೇಲಿತ್ತು. ಅಲ್ಲಿಗೂ ವಾಸನೆ ಏರಿ ಬಂದಿತ್ತು. ಊದುಬತ್ತಿ ಹಚ್ಚಿಟ್ಟು ಅದನ್ನು ಇನ್ನಷ್ಟು ಕೆಡಿಸಿದ್ದರು. ಪ್ರವೀಣ್ ಮೈಸೂರಿಗೆ ಹೊರಟುಹೋಗಿದ್ದ. ಈ ಕೋಣೆಯಲ್ಲಿ ಅವನ ಕಂಪನಿ ಇರಬಾರದು, ಇರಲೇ ಇಲ್ಲ ಎಂಬುದೇ ತಾನೇ ವಾದ. ಕುಟ್ಟಪ್ಪ ಕೆಳಗೆ ಕಾರಿನಲ್ಲಿ ಕೂತರು.

ವನಜಮ್ಮ ಅರವತ್ತು ದಾಟಿದವರು. ಅರಕಲಗೂಡಿನ ಕಡೆಯಿಂದ ಬಂದು ನೆಲೆಸಿದ ಮನೆತನ. ನಾಲ್ಕು ಜನ ಪಾಲುದಾರರಲ್ಲಿ ಸಹಿಯ ಅಧಿಕಾರ ಅವರದು. ಪತ್ರವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಏಪ್ರಿಲ್ ಒಂಬತ್ತು ಅಂತ ಐತೆ. ನಾನು ಅವತ್ತು ಧರ್ಮಸ್ಥಳದಲ್ಲಿದ್ದೆ ಕಣಪ್ಪ."

"ತಾರೀಖು ಒಂದು ಲೆಕ್ಕಕ್ಕೆ ಅಮ್ಮ," ಎಂದರು ಶಶಿಕುಮಾರ್.

"ನನ್ನ ಪಾಲಿಸಿಯಲ್ಲಿ ಮೂರೂ ಹೆಸರು ಐತೆ. ಇಪ್ಪತ್ತು ಅಂತ ಬರೆದು ಸೀಲು ಹೊಡೆದಿದ್ದೀರಿ. ನಾನು ಕೊಟ್ಟ ದುಡ್ಡು ಮೂರು ಜನಕ್ಕೂ ಹೋಗಿದೆಯಾ ಇಲ್ವಾ?"

"ಹೋಗಿದೆ. ವಾಪಸ್ ಬಂದಿದೆ."

"ಯಾವಾಗ ಬಂತು?"

ಶಶಿಕುಮಾರ್ ಊದುಬತ್ತಿಯ ಕಡೆ ನೋಡಿದರು. ಕವನಾ ಹೇಳಿದಳು: "ನೀರು ಬಂದ ಮೇಲೆ."

ವನಜಮ್ಮ ಅವಳತ್ತ ತಿರುಗಿದರು. "ನೀನು ಹೇಳವ್ವ. ಉಳಿದ ಎಂಬತ್ತು ಕೊಡೋಕೆ ಈ ಕಾಗದ ಬೇಕಾ?"

"ಬೇಕಿಲ್ಲ ಅಮ್ಮ." ದನಿ ತಾನೇ ಗಟ್ಟಿಯಾಯಿತು. "ತಕರಾರಿಲ್ಲದ ಎಂಬತ್ತನ್ನು ಮೊದಲೇ ಕೊಡಬಹುದು. ಇಪ್ಪತ್ತರ ಹಕ್ಕು ಹಾಗೇ ಉಳೀತದೆ. ನಮ್ಮ ಪ್ರಾದೇಶಿಕ ಕಚೇರಿಗೆ ಬರೆಯಿರಿ, ಅವರಿಗೂ ಬರೆಯಿರಿ, ಕೋರ್ಟಿಗೂ ಹೋಗಿ. ಮೂರು ತಿಂಗಳು ಪ್ರೀಮಿಯಂ ಇಟ್ಕೊಂಡಿದ್ದರ ದಾಖಲೆ ನನ್ನ ಹತ್ತಿರ ಇದೆ. ಇದಕ್ಕೆ ಸೈನ್ ಹಾಕಿದ್ರೆ ಮಾತ್ರ ಏನೂ ಉಳಿಯಲ್ಲ."

ಶಶಿಕುಮಾರ್ ಕಣ್ಣು ಮುಚ್ಚಿಕೊಂಡರು. ಸಿಟ್ಟಾಗಲಿಲ್ಲ. ಕವನಾಳಿಗೆ ಹನ್ನೆರಡು ದಿನದಲ್ಲಿ ಮೊದಲ ಬಾರಿಗೆ ಉಸಿರು ಪೂರ್ತಿ ಒಳಗೆ ಹೋಯಿತು.

ವನಜಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ನಿಧಾನವಾಗಿ, ಎರಡೂ ಗಾಜು.

"ಎಷ್ಟು ವರ್ಷ ಆಗ್ತದೆ ಅದಕ್ಕೆಲ್ಲ?"

"ಎರಡು, ಮೂರು..."

"ಹೂಂ. ಶಶಿಕುಮಾರ್, ಕೆಳಗೆ ಕೂತವರು ಕೊಳೆತಿದ್ದಕ್ಕೆ ವರದಿಯಲ್ಲಿ ಎಷ್ಟು ಹಾಕ್ತಾರಂತೆ?"

"ಆರು."

"ನನಗೆ ಹದಿನೆಂಟು ಕೊಡ್ತೀನಿ ಅಂತ ಬೆಳಗ್ಗೆ ಫೋನ್ ಬಂದಿತ್ತು." ಅವರು ಕಾಗದದ ಹಿಂಬದಿಗೆ ಪೆನ್ಸಿಲಿನಿಂದ ಎರಡು ಅಂಕಿ ಬರೆದು ಕೂಡಿ ಕಳೆದರು. "ವ್ಯತ್ಯಾಸ ಹನ್ನೆರಡು, ಅದರಲ್ಲಿ ಎಂಬತ್ತು ಪರ್ಸೆಂಟು ಅಂದ್ರೆ ಒಂಬತ್ತೂವರೆ ಲಕ್ಷ ಜಾಸ್ತಿ ಬೀಳ್ತದೆ. ಅದು ವರ್ಕ್ಸ್‌ಗೆ. ಹೊಸ ಡ್ರೈಯರಿಗೆ ಮುಂಗಡ ಆಯ್ತು."

"ಅಮ್ಮ, ನಲವತ್ತು ಲಕ್ಷ ಹೋಗ್ತದೆ," ಎಂದಳು ಕವನಾ. ಮುದುಕಿಗೆ ಲೆಕ್ಕ ತಪ್ಪಿದೆ ಎಂದೇ ಅಂದುಕೊಂಡಳು.

"ನನ್ನದು ಎಲ್ಲಿ ಹೋಗ್ತದವ್ವ?" ವನಜಮ್ಮ ಡ್ರಾಯರಿನಿಂದ ಖಾಲಿ ರಸೀದಿ ಪುಸ್ತಕ ತೆಗೆದು ಒಂದು ಹಾಳೆ ತಿರುಗಿಸಿ ಅವಳ ಮುಂದಿಟ್ಟರು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಮಾಲಿಗೆ ಹಾನಿಯಾದರೆ ವಿಮೆಯಿಂದ ಬಂದ ಪ್ರಮಾಣದಲ್ಲಿ ಮಾತ್ರ ಬೆಳೆಗಾರರಿಗೆ ಪರಿಹಾರ. "ಎಂಬತ್ತು ಬಂದರೆ ಎಂಬತ್ತು ಕೊಡ್ತೀನಿ. ಗೋಡೌನಿನಲ್ಲಿ ನನ್ನದು ಒಂದು ಮೂಟೆನೂ ಇಲ್ಲ. ಅವರು ಗಲಾಟೆ ಮಾಡ್ತಾರೆ, ನಿಜ. ಮೂರು ಕಂಪನಿಯಲ್ಲಿ ಒಬ್ಬರು ಕೈಕೊಟ್ಟರು ಅಂತೀನಿ. ಸುಳ್ಳಾ?"

ಕವನಾ ಆ ಕಾಗದವನ್ನೇ ನೋಡಿದಳು. ಅರವತ್ನಾಲ್ಕು ಮೂಟೆಗೆ ಇಂಥದೇ ಒಂದು ರಸೀದಿ ಕೆಳಗೆ ಪದ್ಮಯ್ಯನ ಜೇಬಿನಲ್ಲಿತ್ತು. ಹದಿಮೂರು ಮೂಟೆಯ ಬೆಲೆ, ಈ ಮಹಡಿಯ ಮೇಲೆ, ಊದುಬತ್ತಿಯ ಹೊಗೆಯಲ್ಲಿ, ಯಾರೂ ಅವನ ಹೆಸರೆತ್ತದೆ ಹೋಯಿತು. ಅವನಂಥವರು ಇನ್ನೂ ನೂರು ಜನ ಇದ್ದರು. ನಷ್ಟವನ್ನು ಹಂಚಿಕೊಳ್ಳಲೆಂದು ಮೂರು ಕಂಪನಿ ಸೇರಿದ್ದವು. ಹಂಚಿಕೆ ಈಗ ಮುಗಿದಿತ್ತು. ಅದರಲ್ಲಿ ಹೆಸರಿಲ್ಲದವರಿಗೆ ಒಂದು ಪಾಲು ಸಿಕ್ಕಿತ್ತು.

ರಸೀದಿ ಪುಸ್ತಕವನ್ನು ಹಿಂದಕ್ಕೆ ತಳ್ಳಿದಳು.

ವನಜಮ್ಮ ಪೆನ್ಸಿಲಿನ ಅಂಕಿಗಳನ್ನು ರಬ್ಬರಿನಿಂದ ಚೊಕ್ಕವಾಗಿ ಅಳಿಸಿ, ಪತ್ರ ತಿರುಗಿಸಿ ಸಹಿ ಹಾಕಿದರು. ಕೆಳಗೆ ವರ್ಕ್ಸ್‌ನ ಸೀಲು ಒತ್ತಿ, ಮಸಿ ಒಣಗಲೆಂದು ಊದಿದರು. "ಕಾಫಿ ತರಿಸ್ಲಾ?" ಎಂದರು.

"ಬೇಡಮ್ಮ, ಆಗ್ಲೇ ಲೇಟಾಯ್ತು," ಎನ್ನುತ್ತ ಶಶಿಕುಮಾರ್ ಬಟ್ಟೆಯ ಚೀಲದಿಂದ ಇನ್‌ವರ್ಡ್ ರಿಜಿಸ್ಟರ್ ತೆಗೆದರು. ಪುಟ ಹುಡುಕುವ ತೊಂದರೆ ಇರಲಿಲ್ಲ, ಕಾಗದದ ಚೂರು ಇಟ್ಟುಕೊಂಡೇ ಬಂದಿದ್ದರು. ಏಪ್ರಿಲ್ ಒಂಬತ್ತು. ಹನ್ನೊಂದು ಕಾಗದ, ಅವಳ ದುಂಡು ಅಕ್ಷರ. ಕೆಳಗೆ ಎರಡು ಸಾಲು ಬಿಳಿ. ಅದರ ಕೆಳಗೆ ಅವಳೇ ಸ್ಕೇಲಿಟ್ಟು ಎಳೆದ ಗೆರೆ.

"ನಿನ್ನ ಅಕ್ಷರದಲ್ಲೇ ಇರಬೇಕಲ್ಲಮ್ಮ," ಎಂದರು ಮೃದುವಾಗಿ. "ಹನ್ನೆರಡು ಅಂತ ನಂಬರ್ ಹಾಕು. ಆಮೇಲೆ ಸಿಸ್ಟಮ್‌ನಲ್ಲಿ ತಿದ್ದುಪಡಿ ನೀನು ಎಂಟ್ರಿ ಮಾಡು, ನಾನು ಅಪ್ರೂವ್ ಮಾಡ್ತೀನಿ. ಕೇಳಿಲ್ಲಿ. ಒಪ್ಪಿಗೆ ಇಲ್ದೆ ಮೂರನೇ ಕಂಪನಿ ಹೆಸರು ಹಾಕಿದ್ದು ನಿನ್ನ ಲಾಗಿನ್‌ನಲ್ಲಿ. ನಾಳೆ ವಿಚಾರಣೆ ಅಂತ ಬಂದ್ರೆ ನಾನು ರಿಟೈರ್ ಆಗಿರ್ತೀನಿ, ನಿನಗೆ ಇನ್ನೂ ಮೂವತ್ತು ವರ್ಷ ಸರ್ವೀಸ್ ಇದೆ. ಇದೊಂದು ಸಾಲು ಬರೆದ್ರೆ ಆ ಫೈಲೇ ಮುಚ್ಚಿಹೋಗುತ್ತೆ. ನಿನ್ನ ಹೆಸರು ಎಲ್ಲೂ ಬರಲ್ಲ. ಮಡಿಕೇರಿಗೆ ವರ್ಗ ಕೇಳಿದ್ಯಲ್ಲ, ಅದಕ್ಕೂ ಈ ವಾರವೇ ಶಿಫಾರಸು ಕಳಿಸ್ತೀನಿ."

ತಮ್ಮ ಜೇಬಿನ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವಳ ಕಡೆಗೆ ತಿರುಗಿಸಿ ಹಿಡಿದರು. ಅವರ ಬೆರಳಿಗೆ ಮಧ್ಯಾಹ್ನದ ಮಸಾಲೆಯ ಹಳದಿ ಇನ್ನೂ ಅಂಟಿತ್ತು.

"ತಗೋ."

"ಇಲ್ಲ ಸರ್," ಎಂದಳು ಕವನಾ. "ನಾನು ಬರೆಯಲ್ಲ."